ಫೋನಿನ ಡಬ್ಬಿ ಮೇಲೆ ಇಲ್ಲದ ತಾರೀಖು

ಬೀಜದ ಪಾಕೀಟಿನ ಮೇಲೆ ತಾರೀಖು ಇರತೈತಿ. ಬೆಳೆಗೆ ಹೊಡೆಯೋ ಔಷಧದ ಬಾಟ್ಲಿ ಮೇಲೆ, ಐದು ರೂಪಾಯಿ ಬಿಸ್ಕಿಟ್ ಮೇಲೂ ಇರತೈತಿ. ಆದರೆ ಹದಿನೈದು ಸಾವಿರ ಕೊಟ್ಟು ತರೋ ಫೋನಿನ ಡಬ್ಬಿಯನ್ನು ಆರೂ ಕಡೆ ತಿರುಗಿಸಿ ನೋಡಿದರೂ, ಅದಕ್ಕೆ ಅಪ್‌ಡೇಟ್ ಯಾವಾಗ ನಿಲ್ಲುತ್ತದೆ ಅನ್ನೋದು ಸಿಗೋದಿಲ್ಲ. ತಯಾರಾದ ತಿಂಗಳು ಇದೆ, ಎಂಆರ್‌ಪಿ ಇದೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ದೊಡ್ಡ ಅಕ್ಷರದಲ್ಲಿ ಇದೆ. ಆ ಒಂದು ತಾರೀಖು ಮಾತ್ರ ಇಲ್ಲ.

ಈ ತಾರೀಖು ಬೇರೆಯವರಿಗಿಂತ ನಮ್ಮ ಕಡೆಯವರಿಗೆ ಹೆಚ್ಚು ಬೇಕು ಅನ್ನೋದು ನಮ್ಮ ವಾದ. ನಾವು ಅಂದ್ರ ಅಂಕಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದು ಈ ಕಾಲೇಜಿನಲ್ಲಿ ಓದ್ತಿರೋ ಹುಡುಗ ಹುಡುಗಿಯರು. ನಮ್ಮ ಮನೆಗಳಲ್ಲಿ ಫೋನು ಒಬ್ಬರ ಕೈಯಾಗ ಮುಗಿಯೋದಿಲ್ಲ. ಅಣ್ಣ ಎರಡು ವರ್ಷ ಬಳಸ್ತಾನ, ಆಮೇಲೆ ಅದು ಅವ್ವನ ಕೈಗೆ ಹೋಗತೈತಿ, ಅಲ್ಲಿಂದ ಕಾಕಾನ ಹೊಲಕ್ಕೆ. ಒಡೆದ ಗ್ಲಾಸು, ಸೋತ ಬ್ಯಾಟರಿ ಎಲ್ಲಾ ಅಂಗಡಿಯಲ್ಲಿ ರಿಪೇರಿ ಆಗತೈತಿ. ಕಬ್ಬಿನ ಬಿಲ್ಲು ಜಮಾ ಆದ ಮೆಸೇಜು, ಒಟಿಪಿ, ಯುಪಿಐ ಎಲ್ಲಾ ಬರೋದು ಇದೇ ಫೋನಿಗೆ. ಅಪ್‌ಡೇಟ್ ಮಾತ್ರ ಬರೋದಿಲ್ಲ. "ತಮ್ಮಾ, ಸೆಟ್ ಚಲೋ ಐತಿ, ಕಂಪನಿಯವರ ಕೈ ಬಿಟ್ಟಾರ" ಅಂತಾರ ಅಂಗಡಿಯವರು. ಕಂಪನಿ ಯಾಕೆ ಕೈ ಬಿಡತೈತಿ ಅನ್ನೋದನ್ನ ತಿಳ್ಕೊಳ್ಳೋಣ.

ಒಂದು ಅಪ್‌ಡೇಟ್ ನಮ್ಮ ಫೋನಿಗೆ ಬರಬೇಕಂದ್ರ ಮೂರು ಕೈ ದಾಟಬೇಕು. ಮೊದಲನೆಯದು ಗೂಗಲ್. ಅದು ಆಂಡ್ರಾಯ್ಡ್‌ನ ಹೊಸ ಆವೃತ್ತಿ ಮತ್ತು ಸೆಕ್ಯುರಿಟಿ ತೇಪೆಗಳನ್ನು ಬಿಡುಗಡೆ ಮಾಡುತ್ತದೆ. ಎರಡನೆಯದು ಚಿಪ್ ಕಂಪನಿ, ಅಂದ್ರ ಕ್ವಾಲ್‌ಕಾಮ್, ಮೀಡಿಯಾಟೆಕ್ ಥರದವರು. ಆಂಡ್ರಾಯ್ಡ್‌ಗೆ ತಾನಾಗಿ ಕ್ಯಾಮೆರಾ, ಮೋಡೆಮ್, ಗ್ರಾಫಿಕ್ಸ್ ಜೊತೆ ಮಾತಾಡೋಕೆ ಬರೋದಿಲ್ಲ. ನಡುವೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇಕು. ಅದರಲ್ಲಿ ಬಹಳಷ್ಟು ಭಾಗದ ಸೋರ್ಸ್ ಕೋಡ್ ಚಿಪ್ ಕಂಪನಿ ಹತ್ತಿರ ಮಾತ್ರ ಇರುತ್ತದೆ. ಮೂರನೆಯದು ಫೋನ್ ಕಂಪನಿ. ಅದು ಈ ಎರಡನ್ನೂ ಸೇರಿಸಿ, ತನ್ನ ಬಣ್ಣ ಹಚ್ಚಿ, ಗೂಗಲ್‌ನ ಪರೀಕ್ಷೆಗಳಲ್ಲಿ ಪಾಸು ಮಾಡಿಸಿ ನಮಗೆ ಕಳಿಸುತ್ತದೆ.

ಜನ ಬೈಯೋದು ಮೂರನೆಯವರಿಗೆ. ಆದರೆ ಎಷ್ಟೋ ಸಲ ಎರಡನೆಯವರು ಮೊದಲೇ ಬಾಗಿಲು ಹಾಕಿರ್ತಾರ. ಇದಕ್ಕೆ ಸರಿಯಾದ ಉದಾಹರಣೆ ಸ್ನ್ಯಾಪ್‌ಡ್ರ್ಯಾಗನ್ 801 ಅನ್ನೋ ಚಿಪ್. 2014ರಲ್ಲಿ ಇದು ದುಬಾರಿ ಫೋನುಗಳ ಚಿಪ್ ಆಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದು ಹೆಸರು ಮಾಡಿದ ಒನ್‌ಪ್ಲಸ್ ಒನ್‌ನಲ್ಲಿ ಇದ್ದದ್ದೂ ಇದೇ. 2016ರಲ್ಲಿ ಆಂಡ್ರಾಯ್ಡ್ 7 ಬಂದಾಗ ಕ್ವಾಲ್‌ಕಾಮ್ ಈ ಚಿಪ್‌ಗೆ ಹೊಸ ಡ್ರೈವರ್ ಕೊಡಲಿಲ್ಲ. ಒನ್‌ಪ್ಲಸ್ ಒನ್ ಅಧಿಕೃತವಾಗಿ ಆಂಡ್ರಾಯ್ಡ್ 6ಕ್ಕೇ ನಿಂತಿತು. ಚಿಪ್ ಸವೆದಿರಲಿಲ್ಲ, ನಿಧಾನವೂ ಆಗಿರಲಿಲ್ಲ. ಅದೇ ಸಮಯಕ್ಕೆ ಅಂಗಡಿಗೆ ಬರ್ತಿದ್ದ ಅಗ್ಗದ ಫೋನುಗಳ ಚಿಪ್‌ಗಿಂತ ಅದು ಎಷ್ಟೋ ಗಟ್ಟಿ ಇತ್ತು.

ಹಂಗಾದ್ರ ಅಲ್ಲಿಗೆ ಮುಗೀತಾ? ಇಲ್ಲ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಅನ್ನೋ ಸಣ್ಣ ಕಂಪನಿ ಇದೇ 801 ಚಿಪ್ ಹಾಕಿ 2015ರ ಕೊನೆಗೆ ಫೇರ್‌ಫೋನ್ 2 ಮಾರಾಟ ಶುರು ಮಾಡಿತ್ತು. ಅಂದ್ರ ಚಿಪ್‌ನ ಅರ್ಧ ಆಯಸ್ಸು ಮುಗಿದ ಮೇಲೆ ಫೋನು ಹುಟ್ಟಿತ್ತು. ಕ್ವಾಲ್‌ಕಾಮ್ ಕೈ ಬಿಟ್ಟ ಮೇಲೆ ಅವರೇ ಕೆಲಸಕ್ಕೆ ಕೂತರು. ಹಳೆಯ ಡ್ರೈವರ್‌ಗಳನ್ನೇ ಹೊಸ ಆಂಡ್ರಾಯ್ಡ್ ಜೊತೆ ಹೊಂದಿಸಿದರು, ಲೀನಿಯೇಜ್‌ಓಎಸ್ ಅನ್ನೋ ಓಪನ್ ಸೋರ್ಸ್ ಸಮುದಾಯದ ಕೆಲಸವನ್ನು ಬಳಸಿಕೊಂಡರು, ಗೂಗಲ್‌ನ ಲಕ್ಷಗಟ್ಟಲೆ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿಸಿದರು. ಆಂಡ್ರಾಯ್ಡ್ 7 ಬಂದದ್ದು 2018ರಲ್ಲಿ, ಅಂದ್ರ ಎರಡು ವರ್ಷ ತಡವಾಗಿ. 2021ರಲ್ಲಿ ಆಂಡ್ರಾಯ್ಡ್ 9, ಆಮೇಲೆ ಆಂಡ್ರಾಯ್ಡ್ 10. 2023ರ ಮಾರ್ಚ್‌ನಲ್ಲಿ ಅಪ್‌ಡೇಟ್ ನಿಲ್ಲಿಸಿದರು. ಏಳು ವರ್ಷ ದಾಟಿತ್ತು.

ಈ ಕತೆಯಲ್ಲಿ ಎರಡು ಮಾತಿವೆ, ಎರಡನ್ನೂ ಒಪ್ಪಬೇಕು. ಒಂದು, "ಹಾರ್ಡ್‌ವೇರ್ ತಾಳೋದಿಲ್ಲ" ಅನ್ನೋ ಉತ್ತರ ಎಲ್ಲಾ ಸಲ ನಿಜ ಅಲ್ಲ. ಇನ್ನೊಂದು, ಇದು ಪುಕ್ಕಟೆ ಆಗೋ ಕೆಲಸವೂ ಅಲ್ಲ. ಡ್ರೈವರ್ ಕೊಡೋರೇ ಇಲ್ಲದಾಗ ಒಂದು ಆವೃತ್ತಿ ದಾಟೋಕೆ ವರ್ಷಗಳೇ ಬೇಕಾದವು.

ಇಲ್ಲಿಂದ ಕಂಪನಿಯ ಲೆಕ್ಕ ಶುರು ಆಗತೈತಿ. ತಿಳಿಯೋಕೆ ಅಂತ ಒಂದು ಕಾಲ್ಪನಿಕ ಸಂಖ್ಯೆ ಹಿಡಿಯೋಣ. ಒಂದು ಮಾಡೆಲ್‌ಗೆ ಅಪ್‌ಡೇಟ್ ತಯಾರಿಸಿ ಪರೀಕ್ಷೆ ಮಾಡೋಕೆ ವರ್ಷಕ್ಕೆ ಒಂದು ಕೋಟಿ ಖರ್ಚು ಅಂತಿಟ್ಕೊಳ್ಳಿ. ಆ ಮಾಡೆಲ್ 50 ಲಕ್ಷ ಮಾರಾಟ ಆಗಿದ್ದರೆ ಫೋನಿಗೆ ವರ್ಷಕ್ಕೆ 2 ರೂಪಾಯಿ ಬೀಳುತ್ತದೆ. ಬರೀ ಒಂದು ಲಕ್ಷ ಮಾರಾಟ ಆಗಿದ್ದರೆ 100 ರೂಪಾಯಿ. ಕೆಲಸ ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ, ಯಾಕಂದ್ರ ಖರ್ಚು ಮಾಡೆಲ್‌ಗೆ ಬೀಳುತ್ತದೆ, ಫೋನಿನ ಸಂಖ್ಯೆಗೆ ಅಲ್ಲ. ಈಗ ಒಂದೇ ಕಂಪನಿ ವರ್ಷಕ್ಕೆ ಹತ್ತಾರು ಮಾಡೆಲ್ ಬಿಟ್ಟು, ಒಂದರಲ್ಲಿ ಮೀಡಿಯಾಟೆಕ್, ಇನ್ನೊಂದರಲ್ಲಿ ಕ್ವಾಲ್‌ಕಾಮ್ ಹಾಕಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಫೋನ್ ಮಾರಿದ ದುಡ್ಡು ಬರೋದು ಒಂದೇ ಸಲ, ಖರ್ಚು ಪ್ರತಿ ವರ್ಷ. ಮೇಲಾಗಿ ಹಳೆಯ ಫೋನು ಚಲೋ ನಡೆದರೆ ಹೊಸದು ಮಾರಾಟ ಆಗೋದಿಲ್ಲ. ಅದಕ್ಕೇ ಎಷ್ಟು ವರ್ಷ ಅನ್ನೋದು ಫೋನು ಹಳೆಯದಾದ ಮೇಲೆ ತೀರ್ಮಾನ ಆಗೋದಲ್ಲ. ಚಿಪ್ ಆರಿಸಿ, ಬೆಲೆ ನಿಗದಿ ಮಾಡೋ ಹೊತ್ತಿಗೇ ಅದು ಹೆಚ್ಚುಕಡಿಮೆ ತೀರ್ಮಾನ ಆಗಿರುತ್ತದೆ.

ಇದು ಪ್ರಕೃತಿ ನಿಯಮ ಅಲ್ಲ ಅನ್ನೋದಕ್ಕೆ ಸಾಕ್ಷಿ ಕಣ್ಣ ಮುಂದೇ ಇದೆ. ಕ್ವಾಲ್‌ಕಾಮ್ 2020ರ ಡಿಸೆಂಬರ್‌ನಲ್ಲಿ ತನ್ನ ಹೊಸ ಚಿಪ್‌ಗಳಿಗೆ 4 ವರ್ಷದ ಸೆಕ್ಯುರಿಟಿ ಅಪ್‌ಡೇಟ್‌ಗೆ ಬೆಂಬಲ ಕೊಡ್ತೀವಿ ಅಂತು. 2025ರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್‌ನಿಂದ ಶುರು ಮಾಡಿ 8 ವರ್ಷ ಅಂತು. ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎ16 5ಜಿ ಬಿಟ್ಟಾಗ 6 ವರ್ಷದ ಮಾತು ಕೊಟ್ಟಿತು. ಅದರ ಬೆಲೆ ಇಲ್ಲಿ 20,000 ರೂಪಾಯಿಗಿಂತ ಕಡಿಮೆ ಇತ್ತು. ಅಂದ್ರ ಅಗ್ಗದ ಫೋನಿಗೆ ಆಗೋದೇ ಇಲ್ಲ ಅನ್ನೋ ಮಾತು ಈಗ ನಿಲ್ಲೋದಿಲ್ಲ.

ಆದರೆ "6 ವರ್ಷ" ಅಂತ ಓದಿದ ಕೂಡಲೇ ಖುಷಿ ಆಗಬೇಡಿ. ಯಾವ ದಿನದಿಂದ ಎಣಿಸ್ತಾರ ಅನ್ನೋದು ಮುಖ್ಯ. ಸಾಮಾನ್ಯವಾಗಿ ಆ ಮಾಡೆಲ್ ಮೊದಲ ಸಲ ಮಾರುಕಟ್ಟೆಗೆ ಬಂದ ದಿನದಿಂದ ಎಣಿಕೆ, ನಾವು ಬಿಲ್ ಮಾಡಿಸಿದ ದಿನದಿಂದ ಅಲ್ಲ. ಒಂದು ಲೆಕ್ಕ ಮಾಡೋಣ. ಒಂದು ಫೋನು 2022ರ ಜನವರಿಯಲ್ಲಿ ಬಂತು, 3 ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಇದೆ. ಅಣ್ಣ ಅದನ್ನ 2023ರ ನವೆಂಬರ್‌ನಲ್ಲಿ ದೀಪಾವಳಿ ಆಫರ್‌ನಲ್ಲಿ ತಗೊಂಡ. ಅವನಿಗೆ ಸಿಕ್ಕಿದ್ದು 3 ವರ್ಷ ಅಲ್ಲ, 14 ತಿಂಗಳು. ಎರಡು ವರ್ಷ ಬಳಸಿ 2025ರ ನವೆಂಬರ್‌ನಲ್ಲಿ ಅವ್ವನಿಗೆ ಕೊಟ್ಟ. ಅವ್ವನ ಕೈಗೆ ಬರೋ ಹೊತ್ತಿಗೆ ಅಪ್‌ಡೇಟ್ ನಿಂತು 10 ತಿಂಗಳಾಗಿತ್ತು. ಕಡಿಮೆ ಬೆಲೆಗೆ ಹಳೆಯ ಮಾಡೆಲ್ ಸಿಕ್ಕಿತು ಅಂತ ನಾವು ಲಾಭದ ಲೆಕ್ಕ ಹಾಕ್ತೀವಿ. ಆ ರಿಯಾಯಿತಿಯಲ್ಲಿ ಕಳೆದುಹೋದ ತಿಂಗಳುಗಳು ಬಿಲ್ಲಿನಲ್ಲಿ ಕಾಣೋದಿಲ್ಲ.

ಅಪ್‌ಡೇಟ್ ನಿಂತ ಮರುದಿನವೇ ಫೋನು ಕೆಟ್ಟು ಹೋಗೋದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. ವಾಟ್ಸಾಪ್ ಅಪ್‌ಡೇಟ್ ಬರ್ತಾನೇ ಇರತೈತಿ, ಯಾಕಂದ್ರ ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಬೇರೆಯಾಗಿ ಬರ್ತಾವು. ನಿಂತಿರೋದು ಒಳಗಿನ ಭಾಗ, ಅಂದ್ರ ಕರ್ನಲ್ ಮತ್ತು ಡ್ರೈವರ್. ಅಲ್ಲಿ ತೂತು ಸಿಕ್ಕರೆ ಗೂಗಲ್ ಪ್ರತಿ ತಿಂಗಳು ಪಟ್ಟಿ ಮಾಡಿ ಪ್ರಕಟಿಸುತ್ತದೆ. ಹೊಸ ಫೋನಿನವರಿಗೆ ಅದು ತೇಪೆ. ಹಳೆಯ ಫೋನಿನವರ ಪಾಲಿಗೆ ಅದೇ ಪಟ್ಟಿ ಕಳ್ಳನಿಗೆ ಯಾವ ಕಿಟಕಿ ತೆರೆದಿದೆ ಅಂತ ತೋರಿಸಿದ ಹಾಗೆ.

ನಿಮ್ಮ ಮನೆಯ ಫೋನು ಎಲ್ಲಿ ನಿಂತಿದೆ ಅಂತ ನೋಡೋಕೆ ಒಂದು ನಿಮಿಷ ಸಾಕು. Settings ಒಳಗೆ About phone, ಅದರಲ್ಲಿ Android version ಒತ್ತಿದರೆ Android security update ಅಂತ ಒಂದು ತಾರೀಖು ಕಾಣುತ್ತದೆ. ಕೆಲವು ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು. ಅದು ಒಂದು ವರ್ಷಕ್ಕಿಂತ ಹಿಂದಿನದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಸಿಗದೇ ಇದ್ದರೆ ಕಂಪನಿ ಬಹುತೇಕ ಕೈ ಬಿಟ್ಟಿದೆ ಅಂತಲೇ ತಿಳೀರಿ. ಪಕ್ಕದಲ್ಲೇ Google Play system update ಅಂತ ಇನ್ನೊಂದು ತಾರೀಖು ಇರಬಹುದು. ಅದು ಗೂಗಲ್ ನೇರವಾಗಿ ಕಳಿಸೋ ಕೆಲವೇ ಭಾಗಗಳದ್ದು, ಅದು ಹೊಸದಿದೆ ಅಂತ ಮೋಸ ಹೋಗಬೇಡಿ. ಇಂಥ ಫೋನನ್ನ ಎಸೆಯೋದು ಬೇಡ. ಕರೆಗೆ, ಹಾಡಿಗೆ, ಹೊಲದಲ್ಲಿ ಹವಾಮಾನ ನೋಡೋಕೆ ಇರಲಿ. ಬ್ಯಾಂಕು ಮತ್ತು ಯುಪಿಐ ಮಾತ್ರ ಮನೆಯಲ್ಲಿ ಅಪ್‌ಡೇಟ್ ಬರೋ ಫೋನಿಗೆ ಹೋಗಲಿ. ಲೀನಿಯೇಜ್‌ಓಎಸ್ ಹಾಕೋದು ನಮ್ಮಂಥವರಿಗೆ ಆಟ, ಆದರೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಅದರಲ್ಲಿ ನಡೆಯೋದಿಲ್ಲ. ಅವ್ವನಿಗೆ ಅದು ಉತ್ತರ ಅಲ್ಲ.

ನಿಜವಾದ ಉತ್ತರ ಡಬ್ಬಿ ಮೇಲೆ ಇರಬೇಕು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್ನೆಟ್‌ಗೆ ಸೇರೋ ವಸ್ತುಗಳಿಗೆ ಸೆಕ್ಯುರಿಟಿ ಅಪ್‌ಡೇಟ್ ಕನಿಷ್ಠ ಎಲ್ಲಿವರೆಗೆ ಅಂತ ತಯಾರಕರು ಪ್ರಕಟಿಸಲೇಬೇಕು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಎಣಿಕೆಯನ್ನೇ ತಿರುಗಿಸಿದೆ. ಮಾಡೆಲ್ ಮಾರುಕಟ್ಟೆಗೆ ಬಿಡೋದು ನಿಲ್ಲಿಸಿದ ದಿನದಿಂದ ಕನಿಷ್ಠ 5 ವರ್ಷ ಅಪ್‌ಡೇಟ್ ಉಚಿತವಾಗಿ ಸಿಗಬೇಕು. ಅದರಲ್ಲೂ ಒಂದು ಸಡಿಲು ಇದೆ. "ಅಪ್‌ಡೇಟ್ ತಂದರೆ" ಕೊಡಬೇಕು ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದಾರೆ, ತರಲೇಬೇಕಾ ಅನ್ನೋ ವಾದ ಹುಟ್ಟಿದೆ. ಆದರೂ ಕೊನೆಗೆ ಕೊಂಡವನಿಂದ ಎಣಿಸೋ ಆ ಕ್ರಮವೇ ಸರಿ, ಯಾಕಂದ್ರ ಆಫರ್‌ನಲ್ಲಿ ಕೊಳ್ಳೋರು ನಮ್ಮಂಥವರೇ.

ನಮ್ಮಲ್ಲಿ 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಎಂಆರ್‌ಪಿ ಹಾಕಲೇಬೇಕು. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಲಿ: "ಸೆಕ್ಯುರಿಟಿ ಅಪ್‌ಡೇಟ್ ಈ ತಿಂಗಳವರೆಗೆ". ಕಂಪನಿಗೆ ಆ ತಾರೀಖು ಮೊದಲೇ ಗೊತ್ತಿರೋದರಿಂದ ಅಚ್ಚು ಹಾಕೋಕೆ ಹೊಸ ಸಂಶೋಧನೆ ಏನೂ ಬೇಡ. ನಿಯಮ ಬರೋವರೆಗೆ ಅಂಗಡಿಯಲ್ಲಿ ದುಡ್ಡು ಕೊಡೋ ಮೊದಲು ನಾವೇ ಎರಡು ಪ್ರಶ್ನೆ ಕೇಳೋಣ: "ಅಣ್ಣಾರ, ಈ ಮಾಡೆಲ್ ಬಂದದ್ದು ಯಾವಾಗ? ಅಪ್‌ಡೇಟ್ ಎಲ್ಲಿವರೆಗೆ?" ಎರಡರ ಉತ್ತರವೂ ಕಂಪನಿಯ ವೆಬ್‌ಸೈಟಿನಲ್ಲಿ ಸಿಗದೇ ಇದ್ದರೆ ಪಕ್ಕದ ಡಬ್ಬಿ ನೋಡೋಣ.