ಸೇತುವೆಯ ನೆತ್ತಿಯ ಮೇಲಿನ ಗೆರೆ



ನಡುವೆ ವಿಭಜಕವಿಲ್ಲದ ದ್ವಿಮುಖ ರಸ್ತೆಯಲ್ಲಿ, ಎದುರಿನ ದಾರಿ ತೆರವಾಗಿದ್ದರೆ ತುಂಡು ಗೆರೆಯನ್ನು ದಾಟಿ ಮುಂದಿನ ವಾಹನವನ್ನು ಹಿಂದಿಕ್ಕಬಹುದು. ಅಖಂಡ ಗೆರೆಯನ್ನು ಹಾಗೆ ದಾಟುವಂತಿಲ್ಲ, ಜೋಡಿ ಅಖಂಡ ಗೆರೆಯು ಅದೇ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹೆಚ್ಚಿನವರು ತಪ್ಪಾಗಿ ಓದುವುದು ಒಂದು ಅಖಂಡ, ಒಂದು ತುಂಡು ಗೆರೆ ಅಕ್ಕಪಕ್ಕ ಇರುವ ಮಿಶ್ರ ಜೋಡಿಯನ್ನು. ಅಲ್ಲಿ ಚಾಲಕನು ತನ್ನ ಬದಿಗೆ ಹತ್ತಿರವಿರುವ ಗೆರೆಯನ್ನಷ್ಟೇ ಪಾಲಿಸಬೇಕು.

ಡೊಂಬಿವಲಿ, ಕಲ್ಯಾಣಗಳಂತಹ ಊರುಗಳಲ್ಲಿ ರೈಲುಹಳಿ ದಾಟಿಸುವ ಕಿರಿದಾದ ಮೇಲ್ಸೇತುವೆಯನ್ನು ಗಮನಿಸಿದರೆ ಇದರ ಕಾರಣ ತಿಳಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಏರುತ್ತಿರುವ ಬಸ್ಸನ್ನು 40 ಕಿ.ಮೀ. ವೇಗದ ಕಾರು ಹಿಂದಿಕ್ಕುವಾಗ, ಎರಡರ ಉದ್ದ ಮತ್ತು ನಡುವಣ ಅಂತರ ಸೇರಿ ಸುಮಾರು 30 ಮೀಟರ್ ಮುನ್ನಡೆ ಗಳಿಸಲು 11 ಸೆಕೆಂಡು ಬೇಕು; ಅಷ್ಟರಲ್ಲಿ ಕಾರು 120 ಮೀಟರ್, ಅದೇ ವೇಗದ ಎದುರು ವಾಹನವೂ 120 ಮೀಟರ್ ಸಾಗುವುದರಿಂದ ಒಟ್ಟು 240 ಮೀಟರ್ ತೆರವು ನೋಟ ಅಗತ್ಯ. ಏರುವವನಿಗೆ ಸೇತುವೆಯ ನೆತ್ತಿಯಾಚೆ ಅಷ್ಟು ಕಾಣದು, ಆದ್ದರಿಂದ ಅವನ ಬದಿಗೆ ಅಖಂಡ ಗೆರೆ. ನೆತ್ತಿ ದಾಟಿ ಇಳಿಯುತ್ತಿರುವವನಿಗೆ ಮುಂದಿನ ನೇರ ದಾರಿ ಕಾಣುವುದಾದರೆ ಅವನ ಬದಿಗೆ ತುಂಡು ಗೆರೆ.

ಮಳೆಗಾಲದಲ್ಲಿ ಅರ್ಧ ಅಳಿಸಿದ ಅಖಂಡ ಗೆರೆಯು ತುಂಡು ಗೆರೆಯಂತೆಯೇ ಕಾಣುತ್ತದೆ. ಠಾಣೆಯಿಂದ ನವಿ ಮುಂಬಯಿಯವರೆಗಿನ ಮಹಾನಗರಪಾಲಿಕೆಗಳು ಮಳೆ ನಿಂತೊಡನೆ ಮೊದಲು ಸೇತುವೆಗಳ ಗೆರೆಗಳಿಗೆ ಬಣ್ಣ ಬಳಿಸಬೇಕೆಂದು ವಿನಂತಿ.

— ಓದುಗ, ಡೊಂಬಿವಲಿ