ಎರಡು ನಿಮಿಷಕ್ಕೆ ನಲವತ್ತು ರೂಪಾಯಿ, ಕೊಡೋಣ

ಟ್ರ್ಯಾಕ್ಟರ್ ಹಿಂದಿನ ಶಾಫ್ಟಿಗೆ ಬಟ್ಟೆ ಸಿಕ್ಕಿ ಯಾರಾದರೂ ಕೈ ಕಳೆದುಕೊಂಡರೆ ಊರಿನದು ಒಂದೇ ಮಾತು: "ಡ್ರೈವರ್‌ಗೆ ಎಚ್ಚರ ಇರಲಿಲ್ಲ." ಈ ಮಾತನ್ನು ನಾವು ಒಪ್ಪುವುದಿಲ್ಲ. ತಪ್ಪಿನಲ್ಲಿ ಬಾಡಿಗೆ ಕೊಡುವ ನಮ್ಮ ಪಾಲೂ ಇದೆ.

ನಮ್ಮಲ್ಲೊಬ್ಬರ ಹೊಲದಲ್ಲಿ ನಡೆದದ್ದನ್ನೇ ಹೇಳುತ್ತೇವೆ. ರೋಟವೇಟರ್ ಬ್ಲೇಡಿಗೆ ಹಳೆಯ ಡ್ರಿಪ್ ಪೈಪು ಸುತ್ತಿಕೊಂಡಿತು. ಡ್ರೈವರ್ ಹೈಡ್ರಾಲಿಕ್ ಲಿವರ್ ಎಳೆದು ಯಂತ್ರ ಎತ್ತಿದ, ಪಿಟಿಒ ಬಂದ್ ಮಾಡಲು ಕೈ ಚಾಚಿದ. ಆಗ ನಮ್ಮವರೇ ಕೂಗಿದ್ದು: "ಬಂದ್ ಮಾಡಬ್ಯಾಡಪ್ಪ, ತಾಸಿನ ಬಾಡಿಗೆ ಓಡ್ತೈತಿ!" ಅವನು ಹಾಗೆಯೇ ಇಳಿದ. ಅಂದು ಏನೂ ಆಗಲಿಲ್ಲ. ಆಗಬಹುದಾಗಿದ್ದದ್ದು ಏನೆಂದು ಲೆಕ್ಕ ಹಾಕಿದ ಮೇಲೆ ನಮಗೆ ನಿದ್ದೆ ಬರಲಿಲ್ಲ.

ಲೆಕ್ಕ ಹೀಗಿದೆ. ಪಿಟಿಒ ಎಂದರೆ ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕ್ಟರ್ ಹಿಂದಕ್ಕೆ ತಂದುಕೊಡುವ ಹಲ್ಲುಗಳ ತುಂಡು ಶಾಫ್ಟ್. ಅದಕ್ಕೆ ಜೋಡಿಸುವ ಉದ್ದನೆಯ ಶಾಫ್ಟ್ ರೋಟವೇಟರಿನ ಗೇರ್ ಬಾಕ್ಸನ್ನು ತಿರುಗಿಸುತ್ತದೆ. ಕೆಲಸದ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಶಾಫ್ಟ್ 6 ಸೆಂಟಿಮೀಟರ್ ದಪ್ಪವಿದ್ದರೆ ಒಂದು ಸುತ್ತಿಗೆ ಸುಮಾರು 19 ಸೆಂಟಿಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ, ಒಂದು ಸೆಕೆಂಡಿಗೆ ಸುಮಾರು 170. ಹೆಗಲ ಮೇಲಿನ ಟವೆಲ್ ಒಂದೂವರೆ ಮೀಟರ್ ಇದ್ದರೆ, "ಅಯ್ಯೋ" ಅನ್ನುವಷ್ಟರಲ್ಲಿ ಅದು ಮುಗಿದು ಕೊರಳ ಸರದಿ ಬಂದಿರುತ್ತದೆ.

"ಎಕ್ಸಿಲೇಟರ್ ಇಳಿಸಿರ್ತೀವಿ" ಅನ್ನುವವರಿದ್ದಾರೆ. ಎಂಜಿನ್ 1,700 ಸುತ್ತಿನಲ್ಲಿ ಪಿಟಿಒ 540 ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ 750ಕ್ಕೆ ಇಳಿದರೂ ಶಾಫ್ಟ್ ಸೆಕೆಂಡಿಗೆ ನಾಲ್ಕು ಸುತ್ತು ತಿರುಗುತ್ತಲೇ ಇರುತ್ತದೆ. ಅದೇ ಟವೆಲ್ಲಿಗೆ ಆಗ ಎರಡು ಸೆಕೆಂಡು ಸಾಕು.

"ಕ್ಲಚ್ ಒತ್ತಿದ್ದೆ" ಅನ್ನುವವರೂ ಇದ್ದಾರೆ. ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರಿನಲ್ಲಿ ಅರ್ಧ ಒತ್ತಿದರೆ ನಿಲ್ಲುವುದು ಗಾಲಿ ಮಾತ್ರ. ಪೂರ್ತಿ ಒತ್ತಿದರಷ್ಟೇ ಪಿಟಿಒ ನಿಲ್ಲುತ್ತದೆ, ಕಾಲು ತೆಗೆದರೆ ಮತ್ತೆ ತಿರುಗುತ್ತದೆ.

ಇನ್ನು ಎತ್ತಿ ನಿಲ್ಲಿಸಿದ ಯಂತ್ರದ ಮಾತು. ಹೈಡ್ರಾಲಿಕ್ ಪಂಪು ಎಣ್ಣೆಯನ್ನು ಸಿಲಿಂಡರಿಗೆ ದೂಡಿದಾಗ ಒಳಗಿನ ಪಿಸ್ಟನ್ ಸರಿದು ಹಿಂದಿನ ಎರಡು ಕೈಗಳು ಮೇಲೇಳುತ್ತವೆ. ಕೆಳಗಿಳಿಸಲು ಬೇರೆ ಶಕ್ತಿ ಬೇಕಿಲ್ಲ, ಎಣ್ಣೆಗೆ ದಾರಿ ಬಿಟ್ಟರೆ ಯಂತ್ರ ತನ್ನ ಭಾರಕ್ಕೇ ಇಳಿಯುತ್ತದೆ. ಆರು ಅಡಿಯ ರೋಟವೇಟರ್ ಸುಮಾರು 400 ಕೆಜಿ ತೂಗುತ್ತದೆ. ಅಷ್ಟು ಭಾರವನ್ನು ಹಿಡಿದಿರುವುದು ಒಳಗೆ ಸಿಕ್ಕಿದ ಎಣ್ಣೆ ಮಾತ್ರ. ಸೀಲು ಸವೆದಿದ್ದರೆ ಅದು ಮೆಲ್ಲಗೆ ಇಳಿಯುತ್ತದೆ, ಲಿವರಿಗೆ ಮಗುವಿನ ಕೈ ತಾಗಿದರೆ ಧೊಪ್ಪನೆ ಬೀಳುತ್ತದೆ. ಸೀಲು ಸವೆದಿದೆಯೇ ಎಂದು ನೋಡಲು ಯಂತ್ರ ಎತ್ತಿ, ಎಂಜಿನ್ ನಿಲ್ಲಿಸಿ, ದೂರ ನಿಂತು ಹತ್ತು ನಿಮಿಷ ಕಾಯಿರಿ. ಬ್ಲೇಡು ಕೆಳಗೆ ಸರಿದಿದ್ದರೆ ರಿಪೇರಿ ಮಾಡಿಸಿ. ಸರಿಯದಿದ್ದರೂ ಕೆಳಗೆ ಗಟ್ಟಿ ಮರದ ದಿಮ್ಮಿ ಇಡದೆ ಕೈ ಹಾಕಬೇಡಿ.

ಎತ್ತುವುದಕ್ಕೂ ಶಾಫ್ಟಿಗೂ ಸಂಬಂಧವಿದೆ. ಯಂತ್ರ ಮೇಲೆದ್ದಷ್ಟೂ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳು ಹೆಚ್ಚು ಬಾಗುತ್ತವೆ. ತಿರುಗುತ್ತಿರುವಾಗಲೇ ಪೂರ್ತಿ ಎತ್ತಿದರೆ ಕಟಕಟ ಸದ್ದು ಬರುತ್ತದೆ. ಅದು ಕ್ರಾಸ್ ಒಡೆಯುವ ಮುನ್ಸೂಚನೆ. ಬದುವಿನ ಹತ್ತಿರ ತಿರುಗಿಸುವಾಗ ಬ್ಲೇಡು ಮಣ್ಣು ಬಿಡುವಷ್ಟು ಎತ್ತಿದರೆ ಸಾಕು. ಅದಕ್ಕಿಂತ ಮೇಲೆ ಎತ್ತುವುದಿದ್ದರೆ ಮೊದಲು ಪಿಟಿಒ ಬಂದ್ ಆಗಬೇಕು.

ಶಾಫ್ಟಿನ ಮೇಲೆ ಬರುವ ಪ್ಲಾಸ್ಟಿಕ್ ಕವಚ ಎಲ್ಲಿ ಹೋಯಿತು? ಗ್ರೀಸ್ ಹಾಕಲು ಬಿಚ್ಚಿದ್ದು ಮತ್ತೆ ಏರಲೇ ಇಲ್ಲ. ಕವಚ ಇದ್ದರೂ ಪರೀಕ್ಷಿಸಬೇಕು. ಎಂಜಿನ್ ನಿಲ್ಲಿಸಿ, ಕವಚದ ಚೈನ್ ಕಳಚಿ, ಅದನ್ನು ಕೈಯಲ್ಲಿ ತಿರುಗಿಸಿ. ಶಾಫ್ಟ್ ನಿಂತಿದ್ದರೂ ಕವಚ ಸಲೀಸಾಗಿ ತಿರುಗಬೇಕು. ಜಾಮ್ ಆಗಿದ್ದರೆ ಅದೂ ಶಾಫ್ಟಿನ ಜೊತೆ ತಿರುಗಿ ಬಟ್ಟೆ ಎಳೆಯುತ್ತದೆ. ನೋಡಿದ ಮೇಲೆ ಚೈನನ್ನು ತಪ್ಪದೆ ಸಿಕ್ಕಿಸಿ.

ಬಾಡಿಗೆ ತಾಸಿಗೆ 1,200 ಎಂದುಕೊಂಡರೆ ಎರಡು ನಿಮಿಷಕ್ಕೆ 40 ರೂಪಾಯಿ. ಪಿಟಿಒ ಬಂದ್ ಮಾಡಿ, ಎಂಜಿನ್ ನಿಲ್ಲಿಸಿ, ಕೀ ತೆಗೆದು, ಶಾಫ್ಟ್ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಲು ಅಷ್ಟು ಹೊತ್ತು ಸಾಕು. ಆ ನಲವತ್ತನ್ನು ಹೊಲದವರೇ ಕೊಡಬೇಕು, ಗೊಣಗದೆ ಕೊಡಬೇಕು. ಕವಚವಿಲ್ಲದ ಟ್ರ್ಯಾಕ್ಟರನ್ನು ಬದುವಿನಿಂದಲೇ ವಾಪಸ್ ಕಳಿಸಬೇಕು. ನಾಲ್ಕು ಹೊಲದವರು ಹೀಗೆ ಕಳಿಸಿದರೆ ಐದನೆಯ ಹೊಲಕ್ಕೆ ಬರುವಾಗ ಮಾಲೀಕ ಕವಚ ಹಾಕಿಸಿಕೊಂಡೇ ಬರುತ್ತಾನೆ.