ಸಾರಾಂಶ ಬರೆದರೆ ಸಂಭಾಷಣೆಯಾಗುವುದಿಲ್ಲ: ‘ಊರುಭಂಗ’ವನ್ನು ಶಾಲಾ ರಂಗಕ್ಕೆ ತರುವಾಗ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಒಂದು ತಂಡ ಎಂಟನೆಯ ತರಗತಿಯ ಮಕ್ಕಳಿಂದ ಭಾಸನ ‘ಊರುಭಂಗ’ವನ್ನು ಆಡಿಸಲು ಹೊರಟಿತು. ಶೀರ್ಷಿಕೆ ಕೇಳಿದ ಮಕ್ಕಳು ಇದು ಯಾವುದೋ ಊರು ಹಾಳಾದ ಕಥೆ ಎಂದುಕೊಂಡರು. ಸಂಸ್ಕೃತದಲ್ಲಿ ‘ಊರು’ ಎಂದರೆ ತೊಡೆ ಎಂದು ತಿಳಿಸಿದ ಮೇಲೆ ಎಲ್ಲರೂ ನಕ್ಕೆವು. ನಾಲ್ಕು ದಿನಗಳ ನಂತರ ತಂಡ ಬರೆದು ತಂದ ಗದ್ಯರೂಪವನ್ನು ಓದಿದಾಗ ಮಾತ್ರ ನಗು ಬರಲಿಲ್ಲ. ಪ್ರತಿಯೊಂದು ಶ್ಲೋಕದ ಅರ್ಥವೂ ಸರಿಯಾಗಿತ್ತು. ಆದರೆ ಒಬ್ಬರು ಇನ್ನೊಬ್ಬರ ಜೊತೆ ಆಡುವ ಮಾತು ಎನ್ನಿಸುವಂಥ ಒಂದು ವಾಕ್ಯವೂ ಅದರಲ್ಲಿರಲಿಲ್ಲ.

ತಪ್ಪು ಪ್ರಶಿಕ್ಷಣಾರ್ಥಿಗಳದಲ್ಲ, ನಾವು ಕಲಿಸುವ ರೀತಿಯದು. ಪದ್ಯಪಾಠವೆಂದರೆ ಅನ್ವಯ, ಪದಗಳ ಅರ್ಥ, ಸಾರಾಂಶ ಎಂದು ಅವರಿಗೆ ಅಭ್ಯಾಸ ಮಾಡಿಸಿದ್ದೇವೆ. ಪದ್ಯನಾಟಕ ಕೈಗೆ ಬಂದರೂ ಅವರು ಅದನ್ನೇ ಮಾಡುತ್ತಾರೆ. ಸಾರಾಂಶವು ಶ್ಲೋಕ ಏನು ಹೇಳುತ್ತದೆ ಎಂಬುದಕ್ಕೆ ಉತ್ತರ. ರಂಗಕ್ಕೆ ಬೇಕಾದದ್ದು ಬೇರೆ: ಆ ಶ್ಲೋಕ ಅಲ್ಲಿ ಯಾವ ಕೆಲಸ ಮಾಡುತ್ತಿದೆ? ಈ ಪ್ರಶ್ನೆಯನ್ನು ಮೊದಲು ಕೇಳದೆ ಗದ್ಯ ಬರೆಯಲು ಕೂರಬಾರದು ಎಂಬುದು ನನ್ನ ಅಭಿಪ್ರಾಯ.

ಊರುಭಂಗ ಒಂದೇ ಅಂಕದ ನಾಟಕ. ಅದರಲ್ಲಿ ಅರವತ್ತಕ್ಕೂ ಹೆಚ್ಚು ಶ್ಲೋಕಗಳಿವೆ, ಗದ್ಯ ಕಡಿಮೆ. ಆರಂಭದಲ್ಲೇ ಮೂವರು ಭಟರು ಬಂದು ಯುದ್ಧಭೂಮಿಯನ್ನೂ ಭೀಮ–ದುರ್ಯೋಧನರ ಗದಾಯುದ್ಧವನ್ನೂ ಶ್ಲೋಕದ ಮೇಲೆ ಶ್ಲೋಕವಾಗಿ ವರ್ಣಿಸುತ್ತಾರೆ. ಗದಾಯುದ್ಧ ವೇದಿಕೆಯ ಮೇಲೆ ನಡೆಯುವುದೇ ಇಲ್ಲ. ಈ ಶ್ಲೋಕಗಳ ಕೆಲಸ ಪ್ರೇಕ್ಷಕರಿಗೆ ಕಾಣದ್ದನ್ನು ಕಾಣಿಸುವುದು. ಛಂದಸ್ಸು ಇರುವವರೆಗೆ ಮೂವರಿಗೂ ಎಲ್ಲವೂ ಗೊತ್ತಿದ್ದರೂ ನಡೆಯುತ್ತದೆ, ಕೇಳುವವರನ್ನು ಲಯವೇ ಹಿಡಿದಿಡುತ್ತದೆ. ಲಯ ಹೋದ ಮೇಲೆ ಗೊತ್ತಿರುವುದನ್ನೇ ಮೂವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ವರದಿ ಓದಿದಂತಾಗುತ್ತದೆ. ನಮ್ಮ ತಂಡದ ಮೊದಲ ಕರಡಿನಲ್ಲಿ ಈ ಭಾಗವೊಂದೇ ಹನ್ನೊಂದು ನಿಮಿಷ ಹಿಡಿಯಿತು. ಐದನೆಯ ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗಿತ್ತು.

ಗದ್ಯದ ಮಾತು ಹುಟ್ಟಬೇಕಾದರೆ ಯಾರಿಗೋ ಏನೋ ಗೊತ್ತಿರಬಾರದು. ಆದ್ದರಿಂದ ಎರಡನೆಯ ಕರಡಿನಲ್ಲಿ ಒಬ್ಬ ಭಟನನ್ನು ಬಂಡೆಯ ಮೇಲೆ ಹತ್ತಿಸಿದೆವು, ಇನ್ನಿಬ್ಬರನ್ನು ಕೆಳಗೆ ನಿಲ್ಲಿಸಿದೆವು. ಅವರಲ್ಲೊಬ್ಬ ಗಾಯಗೊಂಡವನು, ಏಳಲಾರ. ಕರಡು ಹೀಗಾಯಿತು:

“ಬಿದ್ದ!”
“ಯಾರು?”
“ಭೀಮ.”
“ಹಾಗಾದರೆ ಮುಗಿಯಿತು.”
“ಇಲ್ಲ. ನಮ್ಮ ದೊರೆ ಹೊಡೆಯುತ್ತಿಲ್ಲ. ಏಳಲಿ ಎಂದು ಕಾಯುತ್ತಿದ್ದಾನೆ.”
“ಕೃಷ್ಣ ಏನು ಮಾಡುತ್ತಿದ್ದಾನೆ?”
“ಸುಮ್ಮನೆ ನಿಂತಿದ್ದಾನೆ. ತೊಡೆ ತಟ್ಟಿಕೊಳ್ಳುತ್ತಿದ್ದಾನೆ.”
“ಯಾಕೆ?”

ಆ ‘ಯಾಕೆ’ಗೆ ಉತ್ತರ ಬರುವ ಮೊದಲೇ ನೇಪಥ್ಯದಲ್ಲಿ ಸದ್ದಾಗುತ್ತದೆ. ಬಿದ್ದವನನ್ನು ಹೊಡೆಯದ ದುರ್ಯೋಧನ, ಕೃಷ್ಣನ ಸನ್ನೆ, ತೊಡೆಗೆ ಬಿದ್ದ ಏಟು, ಮೂರೂ ಮೂಲದಲ್ಲಿವೆ, ಮೂರೂ ಉಳಿದವು. ಹೋದದ್ದು ಆನೆ, ರಥ, ಹದ್ದುಗಳ ವರ್ಣನೆಯ ಬಹುಪಾಲು. ಹನ್ನೊಂದು ನಿಮಿಷ ನಾಲ್ಕಕ್ಕೆ ಇಳಿಯಿತು. ಪ್ಲಾಸ್ಟಿಕ್ ಗದೆಗಳನ್ನು ತಂದು ಯುದ್ಧವನ್ನೇ ತೋರಿಸೋಣ ಎಂಬ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಎಂಟನೆಯ ತರಗತಿಯ ಇಬ್ಬರು ಹುಡುಗರು ಗದೆ ಬೀಸಿದರೆ ಸಭೆ ನಗುತ್ತದೆ. ಕಾಣದ ಏಟಿಗೆ ಯಾರೂ ನಗುವುದಿಲ್ಲ.

ಎರಡನೆಯ ಬಗೆಯ ಶ್ಲೋಕಗಳಲ್ಲಿ ಪಾತ್ರಗಳ ನಡುವೆ ಏನೋ ನಡೆಯುತ್ತದೆ. ತಂದೆಯನ್ನು ಹುಡುಕಿಕೊಂಡು ಬಂದ ಬಾಲಕ ದುರ್ಜಯ ಎಂದಿನಂತೆ ತೊಡೆಯೇರಲು ಬರುವುದು ನಾಟಕದ ಜೀವ. ಮೊದಲ ಕರಡಿನಲ್ಲಿ ದುರ್ಯೋಧನ ಹೇಳುತ್ತಿದ್ದದ್ದು ಇದು: “ಮಗನೇ, ಭೀಮನ ಗದಾಘಾತದಿಂದ ನನ್ನ ತೊಡೆಗಳು ಭಗ್ನವಾಗಿರುವುದರಿಂದ ನೀನು ಇಲ್ಲಿ ಕುಳಿತುಕೊಳ್ಳಲು ಸಾಧ್ಯವಿಲ್ಲ.” ಅರ್ಥ ಸರಿ, ದೃಶ್ಯ ಸತ್ತಿದೆ. ಮಗುವಿಗೆ ತಿಳಿಯಬಾರದೆಂದು ತಂದೆ ಬಚ್ಚಿಡುತ್ತಿರುವುದನ್ನೇ ಈ ವಾಕ್ಯ ಬಿಚ್ಚಿ ಹೇಳುತ್ತದೆ. ಈಗ ಹುಡುಗ ಓಡಿ ಬರುತ್ತಾನೆ, ತಂದೆಯ ಕೈ ಅಡ್ಡ ಬರುತ್ತದೆ. “ಇವತ್ತು ಇಲ್ಲಿ, ನೆಲದ ಮೇಲೆ ಕೂತುಕೋ.” “ಯಾಕಪ್ಪ?” ಉತ್ತರವಿಲ್ಲ. ಪ್ರೇಕ್ಷಕರಿಗೆ ಕಾರಣ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಆ ವ್ಯತ್ಯಾಸವೇ ಸಾಕು.

ಇಲ್ಲಿ ಸಂಬೋಧನೆಯ ತೊಡಕೂ ಇದೆ. ಸಂಸ್ಕೃತದಲ್ಲಿ ತಂದೆಯನ್ನು ‘ತಾತ’ ಎನ್ನುವುದುಂಟು. ಕನ್ನಡದ ಮಕ್ಕಳಿಗೆ ತಾತನೆಂದರೆ ಅಜ್ಜ, ನಿಜವಾದ ಅಜ್ಜ ಧೃತರಾಷ್ಟ್ರ ಅದೇ ವೇದಿಕೆಯಲ್ಲಿ ನಿಂತಿದ್ದಾನೆ. ಆದ್ದರಿಂದ ‘ಅಪ್ಪ’ ಎಂದೇ ಇಟ್ಟುಕೊಂಡೆವು. ‘ಪಿತಾಶ್ರೀ’ ಎನ್ನಿಸಬೇಕೆಂಬ ಆಸೆ ಕೆಲವರಿಗಿತ್ತು. ಅದು ದೂರದರ್ಶನದ ಧಾರಾವಾಹಿಯ ಮಾತು, ತಂದೆಯ ತೊಡೆಯೇರುವ ಹುಡುಗನ ಮಾತಲ್ಲ.

ಮೂರನೆಯ ಬಗೆ ಕೊನೆಯಲ್ಲಿದೆ. ಸಾಯುವ ಹೊತ್ತಿಗೆ ದುರ್ಯೋಧನನಿಗೆ ಶಂತನು ಮೊದಲಾದ ಪಿತೃಗಳು, ಕರ್ಣ, ನೂರು ತಮ್ಮಂದಿರು, ಐರಾವತದ ಮೇಲೆ ಕುಳಿತ ಅಭಿಮನ್ಯು, ಅಪ್ಸರೆಯರು, ಗಂಗೆ ಮೊದಲಾದ ನದಿಗಳು ಕಾಣಿಸುತ್ತಾರೆ. ಇಲ್ಲಿ ಯಾರಿಗೂ ಏನನ್ನೂ ತಿಳಿಸಬೇಕಾಗಿಲ್ಲ, ಲಯವೇ ಕೆಲಸ ಮಾಡುತ್ತದೆ. ಒಂದೇ ಉದ್ದ ವಾಕ್ಯದಲ್ಲಿ ಬರೆದರೆ ಹಾಜರಿ ಪುಸ್ತಕ ಓದಿದಂತಿರುತ್ತದೆ. ಪ್ರತಿ ಹೆಸರಿಗೂ ‘ಅಗೋ’ ಎಂದು ಆರಂಭವಾಗುವ ಮೂರು ನಾಲ್ಕು ಪದಗಳ ವಾಕ್ಯ ಕೊಟ್ಟೆವು, ನಡುವೆ ಉಸಿರಿಗೆ ಜಾಗ ಬಿಟ್ಟೆವು. ಇಂಥ ಕಡೆ ಗದ್ಯವೂ ಒಂದು ಲಯವನ್ನು ಎರವಲು ಪಡೆಯಲೇಬೇಕು.

ಕತ್ತರಿಸುವಾಗಿನ ಒಂದು ಎಚ್ಚರಿಕೆ ಇವೆಲ್ಲಕ್ಕಿಂತ ಮುಖ್ಯ. ತಂಡ ಎರಡು ವಿಷಯಗಳನ್ನು ‘ಗೊಂದಲ’ವೆಂದು ತೆಗೆದುಹಾಕಿತ್ತು. ಒಂದು, ಆ ದರ್ಶನದಲ್ಲಿ ಅಭಿಮನ್ಯು ಸಿಟ್ಟಿನಿಂದ ಮಾತನಾಡುವುದು. ಇನ್ನೊಂದು, ಪಾಂಡವರ ಸೇವೆ ಮಾಡು, ಕುಂತಿಯ ಮಾತು ಕೇಳು, ದ್ರೌಪದಿಯನ್ನೂ ಅಭಿಮನ್ಯುವಿನ ತಾಯಿಯನ್ನೂ ತಾಯಿಯಂತೆ ಗೌರವಿಸು ಎಂದು ದುರ್ಯೋಧನ ಮಗನಿಗೆ ಹೇಳುವುದು. ಇವೆರಡನ್ನು ಬಿಟ್ಟರೆ ಮೋಸಕ್ಕೆ ಬಲಿಯಾದ ವೀರನೊಬ್ಬ ಉಳಿಯುತ್ತಾನೆ, ತನ್ನ ತಪ್ಪನ್ನು ಕಂಡುಕೊಂಡ ಮನುಷ್ಯ ಕಳೆದುಹೋಗುತ್ತಾನೆ. ಅಲ್ಲಿಗೆ ಬರುವ ಅಶ್ವತ್ಥಾಮ ರಾತ್ರಿಯುದ್ಧದ ಪಣ ತೊಟ್ಟು ದುರ್ಜಯನನ್ನೇ ರಾಜನೆನ್ನುತ್ತಾನೆ. ಸಂಧಿ ಮಾಡಿಕೋ ಎಂದ ತಂದೆ ಒಂದು ಕಡೆ, ಸೇಡಿಗೆ ಕಿರೀಟ ಕೊಡುವವನು ಇನ್ನೊಂದು ಕಡೆ, ನಡುವೆ ಹುಡುಗ. ತಂದೆಯ ಮಾತು ಹೋದರೆ ಈ ಇಕ್ಕಟ್ಟು ಕಾಣುವುದೇ ಇಲ್ಲ. ವರ್ಣನೆಯನ್ನು ಕತ್ತರಿಸಬಹುದು, ಪಾತ್ರಕ್ಕೆ ಕಷ್ಟ ಕೊಡುವುದನ್ನು ಕತ್ತರಿಸಬಾರದು.

ಮಾರ್ಗದರ್ಶಕರಾದ ನಮಗೂ ಇದರಲ್ಲಿ ಪಾಠವಿದೆ. ಇಂಥ ಚಟುವಟಿಕೆಗೆ ಅಂಕ ಕೊಡುವಾಗ ಮೂಲದ ಎಷ್ಟು ಶ್ಲೋಕಗಳು ಉಳಿದಿವೆ ಎಂದು ನೋಡುವುದನ್ನು ಬಿಡೋಣ. ಪಾಠಯೋಜನೆಯ ಜೊತೆ ಒಂದು ಹಾಳೆ ಕೇಳೋಣ: ಎಡಕ್ಕೆ ಶ್ಲೋಕದ ಸಂಖ್ಯೆ, ನಡುವೆ ಅದು ರಂಗದಲ್ಲಿ ಮಾಡುವ ಕೆಲಸ, ಬಲಕ್ಕೆ ಉಳಿಸಿದ್ದು, ಬದಲಿಸಿದ್ದು ಅಥವಾ ಬಿಟ್ಟದ್ದು ಮತ್ತು ಅದರ ಕಾರಣ. ನಡುವಿನ ಕಾಲಂ ತುಂಬಲಾಗದ ಪ್ರಶಿಕ್ಷಣಾರ್ಥಿಗೆ ಶ್ಲೋಕದ ಅರ್ಥ ತಿಳಿದಿದೆ, ನಾಟಕ ಇನ್ನೂ ತಿಳಿದಿಲ್ಲ. ಅವರನ್ನು ಮತ್ತೆ ಮೂಲದ ಬಳಿಗೆ ಕಳುಹಿಸುವುದೇ ನಮ್ಮ ಕೆಲಸ.

ಪ್ರದರ್ಶನದ ಮರುದಿನ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿಸಿದೆ: ಯಾವ ಮಾತು ನೆನಪಿದೆ? ಹೆಚ್ಚಿನವರು ಹೇಳಿದ್ದು “ಯಾಕಪ್ಪ?” ಎಂಬುದನ್ನು. ಒಬ್ಬ ಹುಡುಗಿ ಮಾತ್ರ, “ಕೊನೆಗೆ ದುರ್ಜಯ ಯಾರ ಮಾತು ಕೇಳಿದ, ಸರ್?” ಎಂದು ತಿರುಗಿ ಕೇಳಿದಳು. ನಾಟಕ ಅದನ್ನು ಹೇಳುವುದಿಲ್ಲ. ಮುಂದಿನ ಪಾಠ ಅಲ್ಲಿಂದಲೇ ಶುರುವಾಯಿತು.